ಗಿಡಮೂಲಿಕೆ ಮಾತ್ರೆಯೊಳಗೆ ಸೀಸ ಹೇಗೆ ಬರತ್ತೆ, ಕೊಳ್ಳೋ ಮುಂಚೆ ಏನು ನೋಡ್ಬೇಕು

2011-12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯವರು ಆರು ಜನ ಗರ್ಭಿಣಿಯರ ಕೇಸ್ ತನಿಖೆ ಮಾಡಿದ್ರು. ಆರೂ ಜನ ಬೇರೆ ದೇಶದಿಂದ ಅಲ್ಲಿಗೆ ಹೋದೋರು. ಅಲ್ಲಿನ ಕಾನೂನು ಪ್ರಕಾರ ಬಸುರಿಯರ ಚೆಕಪ್ಪಲ್ಲಿ ಡಾಕ್ಟ್ರು ಸೀಸದ ಬಗ್ಗೆ ವಿಚಾರಿಸಲೇಬೇಕು, ಹಾಗೆ ವಿಚಾರಿಸಿ ರಕ್ತ ಟೆಸ್ಟ್ ಮಾಡಿಸಿದಾಗ ಡೆಸಿಲೀಟರಿಗೆ 16ರಿಂದ 64 ಮೈಕ್ರೋಗ್ರಾಂವರೆಗೆ ಸೀಸ ಸಿಕ್ತು. 5 ದಾಟಿದ್ರೇ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂಥದ್ರಲ್ಲಿ ಇದು 16, 64. ಹುಡುಕಿದಾಗ ಸಿಕ್ಕಿದ್ದು ಪೇಂಟ್ ಅಲ್ಲ, ನಲ್ಲಿ ಪೈಪೂ ಅಲ್ಲ, ಭಾರತದಲ್ಲಿ ತಯಾರಾದ ಹತ್ತು ಆಯುರ್ವೇದ ಔಷಧಿಗಳು. ಒಂದರಲ್ಲಂತೂ ತೂಕದ 2.4% ಸೀಸ ಇತ್ತು. ಕೆಲವದ್ರಲ್ಲಿ ಪಾದರಸ ಅಥವಾ ಆರ್ಸೆನಿಕ್ ಕೂಡ ಇತ್ತು.

ಈ ಸುದ್ದಿ ಓದಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಹೇಳೋದು, ಯಾರೋ ಕಲಬೆರಕೆ ಮಾಡಿರ್ಬೇಕು, ಡೂಪ್ಲಿಕೇಟ್ ಮಾಲು ಇರ್ಬೇಕು ಅಂತ. ಕೆಲವು ಸಲ ಅದು ನಿಜಾನೇ. ಆದ್ರೆ 2.4% ಸೀಸ ಮಣ್ಣಿಂದಲೋ ಧೂಳಿಂದಲೋ ಬರೋದಕ್ಕೆ ಸಾಧ್ಯನೇ ಇಲ್ಲ, ಅಷ್ಟು ಪ್ರಮಾಣ ಇದೆ ಅಂದ್ರೆ ಬಹುತೇಕ ಅದನ್ನ ಔಷಧಿ ಅಂತಲೇ ಅಳೆದು ಹಾಕಿರ್ತಾರೆ. ಒಂದು ಬಗೆಯಲ್ಲಿ ಲೋಹ ಪಾಕದಲ್ಲೇ ಇರತ್ತೆ, ಇನ್ನೊಂದರಲ್ಲಿ ಯಾರಿಗೂ ಬೇಡದೇ ಇದ್ರೂ ಒಳಗೆ ಸೇರ್ಕೊಳ್ಳತ್ತೆ. ಈ ಎರಡಕ್ಕೂ ಕೊಳ್ಳೋರು ತಗೋಬೇಕಾದ ಎಚ್ಚರಿಕೆ ಪೂರ್ತಿ ಬೇರೆ ಬೇರೆ. ಒಳ್ಳೇ ಕಂಪನಿ, ಕ್ಲೀನ್ ಫ್ಯಾಕ್ಟರಿ, ತಯಾರಿಕೆಯ ಗುಣಮಟ್ಟದ ನಿಯಮ ಪಾಲಿಸಿದೀವಿ ಅನ್ನೋ ಜಿಎಂಪಿ ಸರ್ಟಿಫಿಕೇಟ್, ಇದೆಲ್ಲ ಎರಡನೇದಕ್ಕೆ ಸ್ವಲ್ಪ ಮಟ್ಟಿಗೆ ರಕ್ಷಣೆ ಕೊಡಬಹುದು, ಮೊದಲನೇದಕ್ಕೆ ಏನೂ ಕೊಡಲ್ಲ, ಯಾಕಂದ್ರೆ ಅಲ್ಲಿ ಎಷ್ಟು ಶಿಸ್ತಿಂದ ಮಾಡಿದ್ರೋ ಅಷ್ಟೇ ಸರಿಯಾಗಿ ಸೀಸ ಮಾತ್ರೆಯೊಳಗೆ ಹೋಗಿರತ್ತೆ.

ಮೊದಲನೇದನ್ನೇ ನೋಡೋಣ. ಆಯುರ್ವೇದದಲ್ಲಿ ರಸಶಾಸ್ತ್ರ ಅಂತ ಒಂದು ದೊಡ್ಡ ಶಾಖೆ ಇದೆ, ಪಾದರಸ, ಗಂಧಕ, ಲೋಹ, ಖನಿಜಗಳಿಂದ ಔಷಧಿ ಮಾಡೋ ಶಾಸ್ತ್ರ. ಅದರಲ್ಲಿ ಸೀಸಕ್ಕೆ ನಾಗ ಅಂತಾರೆ, ಸೀಸದ ಭಸ್ಮ ನಾಗ ಭಸ್ಮ. ಇದನ್ನ ಮಾಡೋದು ಸಣ್ಣ ಕೆಲಸ ಅಲ್ಲ. ಮೊದಲು ಶೋಧನ, ಅಂದ್ರೆ ಸೀಸವನ್ನ ಕರಗಿಸಿ ಎಳ್ಳೆಣ್ಣೆ, ಮಜ್ಜಿಗೆ, ಗೋಮೂತ್ರ, ಹುಳಿಗಂಜಿ, ಹುರುಳಿ ಕಷಾಯ ಹೀಗೆ ಒಂದೊಂದರಲ್ಲೂ ಏಳೇಳು ಸಲ ಸುರೀತಾರೆ. ಸೀಸ 327 ಡಿಗ್ರಿಗೇ ಕರಗಿಬಿಡತ್ತೆ, ಹಾಗಾಗಿ ಸುರಿಯುವಾಗ ಸಿಡಿಯತ್ತೆ, ಮಾಡೋರಿಗೇ ಅಪಾಯ, ತೂತಿರೋ ಮುಚ್ಚಳ ಹಾಕಿ ಅದರ ಮೂಲಕ ಸುರಿಯೋದು ಅದಕ್ಕೇ. ಆಮೇಲೆ ಜಾರಣ, ಕರಗಿದ ಸೀಸಕ್ಕೆ ಅರಳಿ ಅಥವಾ ಹುಣಸೆ ತೊಗಟೆ ಪುಡಿ ಸ್ವಲ್ಪ ಸ್ವಲ್ಪ ಹಾಕ್ತಾ ತಿಕ್ಕಿ ಪುಡಿ ಮಾಡೋದು. ಕೊನೇಲಿ ಮಾರಣ, ಆ ಪುಡಿಗೆ ಮಣಿಶಿಲೆ ಸೇರಿಸಿ ಆಡುಸೋಗೆ ರಸದಂಥದ್ರಲ್ಲಿ ಅರೆದು ಬಿಲ್ಲೆ ಮಾಡಿ ಮಣ್ಣಿನ ಶರಾವದಲ್ಲಿ ಮುಚ್ಚಿ ಬೆರಣಿ ಬೆಂಕಿಲಿ ಸುಡೋದು, ಮತ್ತೆ ಅರೆಯೋದು, ಮತ್ತೆ ಸುಡೋದು. ಒಂದೊಂದು ಸುಡುವಿಕೆಗೂ ಒಂದು ಪುಟ ಅಂತಾರೆ, ಅರವತ್ತು ಪುಟ ಕೊಟ್ಟ ನಾಗ ಭಸ್ಮನೂ ಇದೆ. ಇಲ್ಲಿ ಗಮನಿಸ್ಬೇಕಾದ್ದು, ಮಣಿಶಿಲೆ ಅನ್ನೋದು ಆರ್ಸೆನಿಕ್ ಇರೋ ಖನಿಜ.

ಭಸ್ಮ ಆಯ್ತು ಅಂತ ಗೊತ್ತಾಗೋಕೆ ಶಾಸ್ತ್ರದಲ್ಲೇ ಪರೀಕ್ಷೆಗಳಿವೆ. ನಿಂತ ನೀರಿನ ಮೇಲೆ ಉದುರಿಸಿದ್ರೆ ತೇಲ್ಬೇಕು, ಬೆರಳಿಗೆ ತಿಕ್ಕಿದ್ರೆ ಬೆರಳಿನ ಗೆರೆಗಳೊಳಗೆ ಕೂತ್ಕೋಬೇಕು, ಹೊಳಪು ಒಂಚೂರೂ ಇರಬಾರದು, ಮತ್ತೆ ಕಾಯಿಸಿದ್ರೆ ಲೋಹದ ರೂಪಕ್ಕೆ ವಾಪಸ್ ಬರಬಾರದು. ಇವು ಸುಮ್ನೆ ತಳ್ಳಿಹಾಕೋ ಅಂಥ ಪರೀಕ್ಷೆಗಳಲ್ಲ, ಪುಡಿ ಎಷ್ಟು ನಯವಾಗಿದೆ, ಬಿಡಿ ಲೋಹ ಉಳ್ಕೊಂಡಿದೆಯಾ ಅನ್ನೋದನ್ನ ಯಾವ ಯಂತ್ರನೂ ಇಲ್ಲದ ಕಾಲದಲ್ಲಿ ಇಷ್ಟು ಚೆನ್ನಾಗಿ ಕಂಡುಹಿಡೀತಿದ್ರು ಅನ್ನೋದು ನನಗೆ ನಿಜವಾಗ್ಲೂ ಗೌರವ ಹುಟ್ಟಿಸೋ ವಿಷಯ. ಆದ್ರೆ ಈ ಪರೀಕ್ಷೆಗಳು ಹೇಳೋದು ಅಷ್ಟೇ. ಸೀಸ ಒಂದು ಮೂಲಧಾತು, ಬೆಂಕಿಗೆ ಅದನ್ನ ಬೇರೆ ಏನನ್ನೋ ಮಾಡೋ ಶಕ್ತಿ ಇಲ್ಲ, ಅರವತ್ತು ಸಲ ಸುಟ್ರೂ ಗಂಧಕದ ಜೊತೆ ಕೂಡ್ಕೊಂಡು ಲೆಡ್ ಸಲ್ಫೈಡ್ ಆಗತ್ತೆ, ಆಮ್ಲಜನಕದ ಜೊತೆ ಕೂಡಿ ಆಕ್ಸೈಡ್ ಆಗತ್ತೆ, ಸೀಸದ ಪರಮಾಣು ಹಾಗೇ ಇರತ್ತೆ. ಶುದ್ಧ ಲೆಡ್ ಸಲ್ಫೈಡಿನ ತೂಕದಲ್ಲಿ 86%ಕ್ಕಿಂತ ಹೆಚ್ಚು ಸೀಸವೇ. ಪುಡಿ ನಯ ಆದಷ್ಟೂ ಹೊಟ್ಟೆಯ ಆಮ್ಲದಲ್ಲಿ ಕರಗೋದು ಸುಲಭ ಬೇರೆ.

ಇದಕ್ಕೆ ಆಯುರ್ವೇದ ವೈದ್ಯರ ಕಡೆಯಿಂದ ಬರೋ ಉತ್ತರ ಏನಂದ್ರೆ, ಭಸ್ಮದ ರೂಪದಲ್ಲಿ ಸೀಸ ಮೈಗೆ ಹತ್ತಲ್ಲ, ಹಾಗೇ ಹೊರಗೆ ಹೋಗತ್ತೆ ಅಂತ. ಈ ಮಾತನ್ನ ಸೀರಿಯಸ್ಸಾಗೇ ತಗೊಂಡು ಲೆಕ್ಕ ಹಾಕೋಣ. ನ್ಯೂಯಾರ್ಕಲ್ಲಿ ಸಿಕ್ಕ 2.4% ಸೀಸದ ಔಷಧಿಯನ್ನ 250 ಮಿಲಿಗ್ರಾಂ ತೂಕದ ಒಂದು ಮಾತ್ರೆ ಅಂತ ಇಟ್ಕೊಂಡ್ರೆ ಅದರಲ್ಲಿ 6 ಮಿಲಿಗ್ರಾಂ ಸೀಸ, ಅಂದ್ರೆ 6000 ಮೈಕ್ರೋಗ್ರಾಂ. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮಕ್ಕಳಾಗೋ ವಯಸ್ಸಿನ ಹೆಂಗಸರ ಆಹಾರದಲ್ಲಿ ದಿನಕ್ಕೆ 8.8 ಮೈಕ್ರೋಗ್ರಾಂ ದಾಟಿದ್ರೆ ಗಮನ ಕೊಡ್ಬೇಕು ಅಂತ ಒಂದು ಮಟ್ಟ ಇಟ್ಟಿದೆ, ಮಕ್ಕಳಿಗೆ 2.2. ದೊಡ್ಡವರಲ್ಲಿ ಊಟದ ಜೊತೆ ಹೋದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರತ್ತೆ ಅಂದ್ಕೊಂಡ್ರೆ, ಆ 8.8ರಲ್ಲಿ ರಕ್ತಕ್ಕೆ ಹೋಗೋದು 1 ಮೈಕ್ರೋಗ್ರಾಂಗಿಂತ ಕಮ್ಮಿ. ಈಗ ಭಸ್ಮ ನಿಜವಾಗ್ಲೂ ಹತ್ತಲ್ಲ, ನೂರರಲ್ಲಿ ಒಂದು ಪಾಲು ಮಾತ್ರ ಹತ್ತತ್ತೆ ಅಂತಲೇ ಒಪ್ಕೊಳ್ಳೋಣ, ಆಗಲೂ ಆ ಒಂದು ಮಾತ್ರೆಯಿಂದ 60 ಮೈಕ್ರೋಗ್ರಾಂ ರಕ್ತಕ್ಕೆ ಹೋಯ್ತು. ಅರವತ್ತು ಪಟ್ಟಿಗೂ ಮೀರಿ. ಬೆಳಿಗ್ಗೆ ಸಂಜೆ ಒಂದೊಂದು ತಗೊಂಡ್ರೆ ಅದರ ಎರಡರಷ್ಟು. ಕೊನೆಗೆ ಯಾವ ಲೆಕ್ಕನೂ ಬೇಡ, ಆ ಆರು ಜನರ ರಕ್ತದಲ್ಲೇ ಸೀಸ ಸಿಕ್ಕಿದೆಯಲ್ಲ, ಹತ್ತದೇ ಇದ್ರೆ ಅಲ್ಲಿಗೆ ಹೋಗ್ತಿತ್ತಾ?

ಪಾದರಸದ ವಿಷಯ ಸ್ವಲ್ಪ ಬೇರೆ. ಪಾದರಸ ಗಂಧಕ ಸೇರಿ ಆಗೋ ಕಜ್ಜಲಿ, ರಸಸಿಂಧೂರ ಇವೆಲ್ಲ ಮರ್ಕ್ಯುರಿ ಸಲ್ಫೈಡ್, ಅದು ಕರಗೋದು ತುಂಬಾ ಕಮ್ಮಿ, ಹೀಗಾಗಿ ಸರಿಯಾಗಿ ಮಾಡಿದ್ರೆ ರಕ್ತಕ್ಕೆ ಹೋಗೋದೂ ಕಮ್ಮಿ. ಸರಿಯಾಗಿ ಮಾಡದೆ ಬಿಡಿ ಪಾದರಸ ಉಳಿದ್ರೆ, ಅಥವಾ ತಿಂಗಳುಗಟ್ಟಲೆ ತಗೊಂಡ್ರೆ, ಆಗ ಕಿಡ್ನಿಗೆ ತೊಂದ್ರೆ. ಸೀಸಕ್ಕೆ ಆ ರಿಯಾಯಿತಿನೂ ಇಲ್ಲ ಅನ್ನೋದೇ ಈ ಲೇಖನದಲ್ಲಿ ನಾನು ಸೀಸದ ಹಿಂದೆ ಬಿದ್ದಿರೋದಕ್ಕೆ ಕಾರಣ.

ಈಗ ಅಂಗಡಿ ಕಪಾಟಿನ ಹತ್ರ ಬರೋಣ. ಕೀಲುನೋವಿಗೆ ಅಂತ ಯೋಗರಾಜ ಗುಗ್ಗುಳು ಕೊಡ್ತಾರೆ. ಅದರ ಪಕ್ಕದಲ್ಲೇ ಮಹಾಯೋಗರಾಜ ಗುಗ್ಗುಳು ಇರತ್ತೆ, ಅದೇ ಕಪ್ಪು ಮಾತ್ರೆ, ಅದೇ ಥರ ಡಬ್ಬಿ, ಬಳಕೆನೂ ಹೆಚ್ಚುಕಮ್ಮಿ ಅದೇ. ಯೋಗರಾಜ ಬಹುತೇಕ ಗಿಡಮೂಲಿಕೆ. ಮಹಾಯೋಗರಾಜಕ್ಕೆ ಶಾಸ್ತ್ರದ ಪಾಕದಲ್ಲೇ ವಂಗ, ರಜತ, ನಾಗ, ಲೋಹ, ಅಭ್ರಕ, ಮಂಡೂರ, ರಸಸಿಂಧೂರ ಅಂತ ಏಳು ಸೇರ್ತವೆ. ಅಂದ್ರೆ ತವರ, ಬೆಳ್ಳಿ, ಸೀಸ, ಕಬ್ಬಿಣ, ಕಾಗೆಬಂಗಾರ, ಕಬ್ಬಿಣದ ಕಿಟ್ಟ, ಪಾದರಸ. ಮಂಡಿನೋವಿಗೆ "ಅದೇ ಗುಗ್ಗುಳು ಮಾತ್ರೆ ಕೊಡಪ್ಪ" ಅಂತ ಕೇಳಿ ತಗೊಂಡು ಬರೋ ಅಜ್ಜಿಗೆ ಈ "ಮಹಾ" ಅನ್ನೋದು ಜಾಸ್ತಿ ಪವರ್ ಇರೋದು ಅಂತಷ್ಟೇ ಅನ್ಸತ್ತೆ. ಸಕ್ಕರೆ ಕಾಯಿಲೆಗೆ ಕೊಡೋ ವಸಂತ ಕುಸುಮಾಕರ ರಸದಲ್ಲೂ ಚಿನ್ನ ಬೆಳ್ಳಿ ಮುತ್ತಿನ ಜೊತೆ ನಾಗ ಭಸ್ಮ ಇರತ್ತೆ, ಆದ್ರೆ ಎಲ್ಲರ ಬಾಯಲ್ಲೂ ಬರೋದು ಚಿನ್ನದ ಮಾತು ಮಾತ್ರ. ತ್ರಿವಂಗ ಭಸ್ಮದ ಮೂರರಲ್ಲಿ ಒಂದು ಸೀಸ. ಗರ್ಭಪಾಲ ರಸ ಅಂತ ಒಂದಿದೆ, ಹೆಸರೇ ಹೇಳೋ ಹಾಗೆ ಬಸುರಿಯರಿಗೇ ಕೊಡೋದು, ಪಾಕದ ಪ್ರಕಾರ ಅದರಲ್ಲಿ ಪಾದರಸದ ಖನಿಜವಾದ ಇಂಗಳೀಕ ಮತ್ತು ನಾಗ ಭಸ್ಮ ಎರಡೂ ಇದೆ. ಬಸುರಿ ಹೊಟ್ಟೇಲಿರೋ ಮಗುವಿಗೆ ಸೀಸ ಹೊಕ್ಕುಳಬಳ್ಳಿ ಮೂಲಕ ನೇರವಾಗಿ ಹೋಗತ್ತೆ, ಬೆಳೀತಿರೋ ಮೆದುಳಿಗೆ ಇಷ್ಟು ಸೀಸ ಸೇಫ್ ಅನ್ನೋ ಮಟ್ಟ ಯಾವುದೂ ಸಿಕ್ಕಿಲ್ಲ, ಅಂಥದ್ರಲ್ಲಿ ಗರ್ಭ ಉಳಿಯೋಕೆ ಅಂತ ಸೀಸ ಕೊಡೋದನ್ನ ಇವತ್ತೂ ಯಾರಾದ್ರೂ ಸಮರ್ಥಿಸ್ಕೊಂಡ್ರೆ ಅವರ ಜೊತೆ ನಾನಂತೂ ಒಪ್ಪಲಾರೆ.

ಇನ್ನು ಎರಡನೇ ದಾರಿ, ಬೇಡದೇ ಬರೋ ಲೋಹ. ಗಿಡ ಬೆಳೆಯೋ ಜಾಗದಿಂದಲೇ ಇದು ಶುರು. ಒಂದೆಲಗ, ನೀರುಬ್ರಾಹ್ಮಿ ಇವೆಲ್ಲ ತೇವದ ಜಾಗದಲ್ಲಿ, ಕೆರೆ ಅಂಚಲ್ಲಿ, ಕಾಲುವೆ ಬದೀಲಿ ಸೊಂಪಾಗಿ ಬೆಳೀತವೆ. ನೀರುಬ್ರಾಹ್ಮಿಗೆ ಲೋಹ ಹೀರ್ಕೊಳ್ಳೋ ಗುಣ ಎಷ್ಟಿದೆ ಅಂದ್ರೆ ಕೊಳಕು ನೀರನ್ನ ಶುದ್ಧ ಮಾಡೋಕೆ ಈ ಗಿಡ ಬಳಸಬಹುದಾ ಅಂತ ವಿಜ್ಞಾನಿಗಳು ಪ್ರಯೋಗ ಮಾಡಿದ್ದಾರೆ. ಅದೇ ಗುಣ ಔಷಧಿ ವಿಷಯದಲ್ಲಿ ತಿರುಗುಬಾಣ ಆಗತ್ತೆ. ಬೆಳ್ಳಂದೂರು, ವರ್ತೂರು ಥರ ಸೀವೇಜು, ಕಾರ್ಖಾನೆ ನೀರು ಹರಿದ ಕೆರೆ ಅಂಚಲ್ಲಿ ಕಿತ್ತ ಬ್ರಾಹ್ಮಿಗೂ ಮಲೆನಾಡಿನ ತೋಟದ ಅಂಚಲ್ಲಿ ಕಿತ್ತಿದ್ದಕ್ಕೂ ಒಣಗಿಸಿ ಪುಡಿ ಮಾಡಿದ ಮೇಲೆ ನೋಡೋಕೆ ಏನೂ ವ್ಯತ್ಯಾಸ ಇರಲ್ಲ. ರಸ್ತೆ ಬದಿಯ ಮಣ್ಣಿಂದೂ ಇದೇ ಕಥೆ, ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತ್ರೂ ಅಲ್ಲಿವರೆಗೆ ಮಣ್ಣಿಗೆ ಬಿದ್ದ ಸೀಸ ಕೊಳೆತು ಹೋಗೋ ವಸ್ತು ಅಲ್ಲ. ಬೇರುಗಳಿಗೆ ಮಣ್ಣು ಅಂಟಿರತ್ತೆ, ತೊಳೀದೆ ಒಣಗಿಸಿದ್ರೆ ಆ ಮಣ್ಣೂ ಪುಡಿಯ ಜೊತೆ ಹೋಗತ್ತೆ.

ಆಮೇಲೆ ಪುಡಿ ಮಾಡೋ ಜಾಗ. ಹಳ್ಳಿ ಮಿಲ್ಲಲ್ಲಿ ಮೆಣಸಿನಕಾಯಿ ಆದ್ಮೇಲೆ ರಾಗಿ ಹಾಕಿದ್ರೆ ಮುದ್ದೆ ಖಾರ ಆಗಲ್ವಾ, ಹಾಗೇ ಭಸ್ಮದ ಔಷಧಿನೂ ಬರೀ ಮೂಲಿಕೆ ಚೂರ್ಣನೂ ಒಂದೇ ಯಂತ್ರದಲ್ಲಿ ಅರೆಯೋ ಸಣ್ಣ ಘಟಕದಲ್ಲಿ ಒಂದರದ್ದು ಇನ್ನೊಂದಕ್ಕೆ ಸೇರತ್ತೆ. ಇದರ ಮೇಲೆ ಬಣ್ಣದ ಕಲಬೆರಕೆ. ಅರಿಶಿನ ಹೊಳೀಲಿ ಅಂತ ಹಚ್ಚೋ ಲೆಡ್ ಕ್ರೋಮೇಟ್ ಅನ್ನೋ ಹಳದಿ ಪುಡೀಲಿ ಸೀಸನೂ ಇರತ್ತೆ, ಕ್ರೋಮಿಯಮ್ಮೂ ಇರತ್ತೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ ಸ್ಯಾಂಪಲ್‌ಗಳಲ್ಲಿ 47%ರಲ್ಲಿ ಇದು ಸಿಕ್ಕಿತ್ತು, ಸರ್ಕಾರ ಮಂಡಿಗಳ ಮೇಲೆ ದಾಳಿ ಮಾಡಿ ದಂಡ ಹಾಕಿ ಸುದ್ದಿ ಮಾಡಿದ ಮೇಲೆ 2021ರ ಹೊತ್ತಿಗೆ ಅದು ಸೊನ್ನೆಗೆ ಬಂತು. ಅಂದ್ರೆ ಈ ಥರದ ಸೀಸವನ್ನ ನಿಲ್ಲಿಸೋದು ಆಗದ ಕೆಲಸ ಅಲ್ಲ. ಅಡುಗೆಗೆ ಹೋಗೋ ಅರಿಶಿನ ಬರೋ ಮಂಡಿಯಿಂದಲೇ ಔಷಧಿಗೆ ಹೋಗೋದೂ ಬರಬಹುದು.

ಈ ಎರಡು ದಾರಿಗಳ ಅಳತೆ ಎಷ್ಟು ಬೇರೆ ಅಂತ 2008ರಲ್ಲಿ ಅಮೆರಿಕದ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಒಂದು ಅಧ್ಯಯನದಿಂದ ಗೊತ್ತಾಗತ್ತೆ. ಇಂಟರ್ನೆಟ್ಟಲ್ಲಿ ಮಾರಾಟಕ್ಕಿದ್ದ 193 ಆಯುರ್ವೇದ ಔಷಧಿ ತರಿಸಿ ಪರೀಕ್ಷೆ ಮಾಡಿದ್ರು, ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ತು. ರಸಶಾಸ್ತ್ರದ ಔಷಧಿಗಳಲ್ಲಿ 40.6%, ಮಿಕ್ಕವುಗಳಲ್ಲಿ 17.1%. ಅಮೆರಿಕದಲ್ಲೇ ತಯಾರಾಗಿದ್ದಕ್ಕೂ ಭಾರತದಲ್ಲಿ ತಯಾರಾಗಿದ್ದಕ್ಕೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇರಲಿಲ್ಲ, ಫಾರಿನ್ ಪ್ಯಾಕಿಂಗ್ ನೋಡಿ ನಂಬೋರು ಇದನ್ನ ನೆನಪಿಟ್ಕೋಬೇಕು. ಇನ್ನೊಂದು ಮುಖ್ಯ ಸಂಗತಿ, ಲೋಹ ಸಿಕ್ಕ ಔಷಧಿಗಳಲ್ಲಿ ನೂರಕ್ಕೆ ಎಪ್ಪತ್ತೈದು ಜಿಎಂಪಿ ಪಾಲಿಸಿದೀವಿ ಅಂತ ಹೇಳ್ಕೊಂಡಿದ್ವು.

ಹಾಗಾದ್ರೆ ಸರ್ಕಾರದ ನಿಯಮ ಏನು ಮಾಡ್ತಿದೆ ಅಂತ ಕೇಳಬಹುದು. ಅದೇ ಪತ್ರಿಕೇಲಿ 2004ರಲ್ಲಿ ಇಂಥದೇ ಮೊದಲ ವರದಿ ಬಂದು ಗಲಾಟೆ ಆದ ಮೇಲೆ 2005ರಲ್ಲಿ ಕೇಂದ್ರದ ಆಯುಷ್ ವಿಭಾಗ ಒಂದು ಆದೇಶ ಮಾಡ್ತು, 2006ರ ಜನವರಿ 1ರಿಂದ ರಫ್ತಾಗೋ ಬರೀ ಗಿಡಮೂಲಿಕೆಯ ಔಷಧಿಗಳಿಗೆ ಭಾರಲೋಹದ ಪರೀಕ್ಷೆ ಕಡ್ಡಾಯ ಅಂತ. ಮಿತಿ, ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಒಂದು ಪಿಪಿಎಂ ಅಂದ್ರೆ ಒಂದು ಗ್ರಾಂ ಪುಡೀಲಿ ಒಂದು ಮೈಕ್ರೋಗ್ರಾಂ. ಆದೇಶದ ಮಾತುಗಳನ್ನ ಇನ್ನೊಂದು ಸಲ ಓದಿ, ರಫ್ತಾಗೋ, ಬರೀ ಗಿಡಮೂಲಿಕೆಯ. ಲೋಹವನ್ನೇ ಹಾಕಿ ಮಾಡೋ ಔಷಧಿಗೆ ಈ ಮಿತಿಯ ಅರ್ಥನೇ ಇಲ್ಲ, 2.4% ಅಂದ್ರೆ 24,000 ಪಿಪಿಎಂ. ಅಂಥವಕ್ಕೆ ಇರೋ ರಕ್ಷಣೆ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾನೂನಿನ ಶೆಡ್ಯೂಲ್ ಇ(1) ಅನ್ನೋ ವಿಷವಸ್ತುಗಳ ಪಟ್ಟಿ. ಪಾದರಸ, ಇಂಗಳೀಕ, ಹರಿತಾಳ, ಮಣಿಶಿಲೆ, ಸಿಂಧೂರ ಇಂಥವು ಇದ್ರೆ ವೈದ್ಯರ ಉಸ್ತುವಾರೀಲೇ ತಗೋಬೇಕು ಅನ್ನೋ ಎಚ್ಚರಿಕೆಯನ್ನ ಲೇಬಲ್ ಮೇಲೆ ಇಂಗ್ಲಿಷ್ ಮತ್ತು ಹಿಂದೀಲಿ ಹಾಕ್ಬೇಕು. ಕನ್ನಡದಲ್ಲಿ ಹಾಕ್ಬೇಕು ಅಂತಿಲ್ಲ. ಚಿಕ್ಕ ಅಕ್ಷರದಲ್ಲಿ ಆ ಎರಡು ಭಾಷೇಲಿ ಬರ್ದಿದ್ದನ್ನ ನಮ್ಮ ಊರುಗಳಲ್ಲಿ ಎಷ್ಟು ಜನ ಓದ್ತಾರೆ ಹೇಳಿ. ಎಚ್ಚರಿಕೆ ಪಟ್ಟಿಲಿರೋ ವಸ್ತುಗಳಿಗೆ ಮಾತ್ರ ಅನ್ವಯ ಆಗೋದ್ರಿಂದ, ಲೇಬಲ್ಲಲ್ಲಿ ಎಚ್ಚರಿಕೆ ಕಾಣ್ಲಿಲ್ಲ ಅಂದ್ರೆ ಲೋಹ ಇಲ್ಲ ಅಂತಲೂ ಅರ್ಥ ಅಲ್ಲ.

ಇಷ್ಟು ಗೊತ್ತಾದ ಮೇಲೆ ಕೊಳ್ಳೋರು ಏನು ಮಾಡಬಹುದು ಅನ್ನೋದು ತಾನಾಗೇ ಒಂದು ಕ್ರಮಕ್ಕೆ ಬರತ್ತೆ. ಮೊದಲನೇದು, ಲೇಬಲ್ಲೇ ಇಲ್ಲದ್ದನ್ನ ತಗೋಬೇಡಿ. ಪೇಪರ್ ಪೊಟ್ಟಣದಲ್ಲಿ ಕಟ್ಟಿಕೊಡೋ ಬೂದಿ ಬಣ್ಣದ ಪುಡಿ, ಕವರಿನಲ್ಲಿ ಬರೋ ಕೆಂಪು ಕಪ್ಪು ಗುಳಿಗೆ, ಸಕ್ಕರೆ ಕಾಯಿಲೆ ಬುಡಸಮೇತ ಹೋಗತ್ತೆ, ಗಂಡುಮಗು ಆಗತ್ತೆ ಅಂತ ಹೇಳಿ ಪಾಕ ಗುಟ್ಟು ಅಂತ ಬಿಟ್ಟುಕೊಡದೆ ಇರೋದು, ಇವುಗಳಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಲ್ಯಾಬ್ ಬಿಟ್ರೆ ಬೇರೆ ದಾರಿ ಇಲ್ಲ. ಕೊಡೋರು ಒಳ್ಳೆಯವರಾಗಿರಬಹುದು, ತಲೆತಲಾಂತರದಿಂದ ಕೊಡ್ತಾ ಬಂದಿರಬಹುದು, ಅವರಿಗೂ ತಾವು ತಂದ ಕಚ್ಚಾ ಸಾಮಾನಿನೊಳಗೆ ಎಷ್ಟು ಸೀಸ ಇದೆ ಅಂತ ಗೊತ್ತಿರಲ್ಲ.

ಲೇಬಲ್ ಇದ್ರೆ ಮುಂಭಾಗ ಬಿಟ್ಟು ಹಿಂದೆ ತಿರುಗಿಸಿ. ರಸ, ಭಸ್ಮ, ಪರ್ಪಟಿ, ಸಿಂಧೂರ ಅಂತ ಕೊನೆಯಾಗೋ ಹೆಸರಿದ್ರೆ ಲೋಹ ಅಥವಾ ಖನಿಜ ಇದೆ ಅಂತಲೇ ತಿಳ್ಕೊಳ್ಳಿ (ಶಂಖ ಭಸ್ಮದಂಥವು ಸುಣ್ಣದ ಜಾತಿ, ಅವು ಬೇರೆ). ಆದ್ರೆ ಮಹಾಯೋಗರಾಜದ ಥರ ಹೆಸರಲ್ಲಿ ಸುಳಿವೇ ಕೊಡದವೂ ಇವೆ, ಅದಕ್ಕೆ ಪದಾರ್ಥಗಳ ಪಟ್ಟಿ ಓದಲೇಬೇಕು. ಹುಡುಕಬೇಕಾದ ಪದಗಳು ಹೆಚ್ಚಿಲ್ಲ: ಸೀಸಕ್ಕೆ ನಾಗ, ಸೀಸ, ಸಿಂಧೂರ, ಪಾದರಸಕ್ಕೆ ಪಾರದ, ಕಜ್ಜಲಿ, ಹಿಂಗುಲ ಅಂದ್ರೆ ಇಂಗಳೀಕ, ರಸಸಿಂಧೂರ, ರಸಕರ್ಪೂರ, ಆರ್ಸೆನಿಕ್‌ಗೆ ಮನಃಶಿಲಾ, ಹರಿತಾಳ, ಗೌರಿಪಾಷಾಣ. ನಾಗಕೇಸರ ಅಂತ ಕಂಡ್ರೆ ಗಾಬರಿ ಬೇಡ, ಅದು ಹೂವು, ಹಾಗೇ ನಾಗರ ಅಂದ್ರೆ ಶುಂಠಿ. ಪಟ್ಟಿ ಬದಲು ಬರೀ ಗ್ರಂಥದ ಹೆಸರು ಹಾಕಿದ್ರೆ ಕೊಟ್ಟ ವೈದ್ಯರನ್ನೇ ಕೇಳಿ, "ಡಾಕ್ಟ್ರೇ, ಇದರಲ್ಲಿ ನಾಗ ಭಸ್ಮ, ಪಾದರಸ ಏನಾದ್ರೂ ಇದ್ಯಾ? ಅದಿಲ್ಲದೇ ಇರೋದು ಯಾವುದಾದ್ರೂ ಕೊಡ್ತೀರಾ?" ಅಂತ. ಓದಿರೋ ಆಯುರ್ವೇದ ಡಾಕ್ಟ್ರಿಗೆ ಇದರ ಉತ್ತರ ಬಾಯಲ್ಲೇ ಇರತ್ತೆ, ತುಂಬಾ ಜನ ಬರೀ ಮೂಲಿಕೆಯ ಔಷಧಿಯಲ್ಲೇ ಚಿಕಿತ್ಸೆ ಮಾಡೋರಿದ್ದಾರೆ. ಬಸುರಿಯರು, ಮಗು ಬೇಕು ಅಂತಿರೋರು, ಹಾಲುಣಿಸೋರು, ಮಕ್ಕಳು, ಕಿಡ್ನಿ ತೊಂದ್ರೆ ಇರೋರು, ಇವರಿಗೆ ಈ ಪದಗಳಿರೋ ಔಷಧಿ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ರಕ್ತದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದಾಗ ಕರುಳು ಸೀಸವನ್ನ ಇನ್ನೂ ಜಾಸ್ತಿ ಹೀರತ್ತೆ, ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು.

ಪಟ್ಟಿಲಿ ಲೋಹ ಇಲ್ಲ, ಬರೀ ಮೂಲಿಕೆ ಅಂದ್ರೆ ಆಗ ಎರಡನೇ ದಾರಿಯ ಪ್ರಶ್ನೆ, ಆ ಬ್ಯಾಚನ್ನ ಟೆಸ್ಟ್ ಮಾಡಿದಾರಾ ಅಂತ. ಆಯುರ್ವೇದ ಔಷಧಿ ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ ಡಬ್ಬಿ ಮೇಲೆ ಇರಲೇಬೇಕು. ಬ್ಯಾಚ್ ನಂಬರ್ ಹೇಳಿ ಕಂಪನಿಯ ಕಸ್ಟಮರ್ ಕೇರಿಗೆ ಮೇಲ್ ಹಾಕಿ, ಈ ಬ್ಯಾಚಿನ ಭಾರಲೋಹ ಟೆಸ್ಟ್ ರಿಪೋರ್ಟ್ ಕಳಿಸಿ ಅಂತ ಕೇಳಬಹುದು. ಬಂದ ರಿಪೋರ್ಟಲ್ಲಿ ನೋಡ್ಬೇಕಾದ್ದು, ಬ್ಯಾಚ್ ನಂಬರ್ ನಿಮ್ಮ ಡಬ್ಬಿದೇನಾ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಆ ಲ್ಯಾಬಿಗೆ ಇದೆಯಾ, ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ನಾಲ್ಕಕ್ಕೂ ಬೇರೆ ಬೇರೆ ಅಂಕಿ ಕೊಟ್ಟಿದಾರಾ. ಬರೀ "ಪಾಸ್" ಅಥವಾ "ಮಿತಿಯೊಳಗಿದೆ" ಅಂತ ಬರ್ದಿದ್ರೆ ಅಂಕಿ ಕೇಳಿ.

ಅಂಕಿ ಯಾಕೆ ಬೇಕು ಅಂದ್ರೆ, ಮಿತಿಯೊಳಗಿದ್ರೂ ನೀವು ಎಷ್ಟು ತಿಂತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಚೂರ್ಣ ಬೆಳಿಗ್ಗೆ 5 ಗ್ರಾಂ, ರಾತ್ರಿ 5 ಗ್ರಾಂ ತಗೊಳ್ಳೋರ ಲೆಕ್ಕ ನೋಡಿ. ಪುಡೀಲಿ ಸೀಸ 9 ಪಿಪಿಎಂ ಇದೆ, ಅಂದ್ರೆ 10ರ ಒಳಗೆ, ಪಾಸ್. ಆದ್ರೆ ದಿನಕ್ಕೆ 10 ಗ್ರಾಮಿಗೆ 90 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಯ್ತು, ಎಫ್‌ಡಿಎ ಹೇಳೋ 8.8ರ ಹತ್ತು ಪಟ್ಟು. ಅದೇ ಪುಡಿಯನ್ನ ಅರ್ಧ ಗ್ರಾಂ ಮಾತ್ರೆ ಮಾಡಿ ದಿನಕ್ಕೊಂದು ತಗೊಂಡ್ರೆ 4.5 ಮಾತ್ರ. ಹಾಗಾಗಿ ಚಮಚಗಟ್ಟಲೆ, ತಿಂಗಳುಗಟ್ಟಲೆ ತಿನ್ನೋ ಚೂರ್ಣಕ್ಕೆ 1 ಪಿಪಿಎಂಗಿಂತ ಕಮ್ಮಿ ಇರೋದನ್ನೇ ಹುಡುಕಿ, ವಾರದ ಮಟ್ಟಿಗೆ ತಗೊಳ್ಳೋ ಸಣ್ಣ ಮಾತ್ರೆಗೆ ಅಷ್ಟು ತಲೆ ಕೆಡಿಸ್ಕೋಬೇಕಿಲ್ಲ. ಗ್ರಂಧಿಗೆ ಅಂಗಡಿಯಿಂದ ತರೋರು ಪುಡಿ ಬದಲು ಇಡೀ ಬೇರು, ಕೊಂಬು, ಕಾಯಿ ತಂದು ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ ಮನೇಲೇ ಪುಡಿ ಮಾಡ್ಕೊಂಡ್ರೆ ಅಂಟಿದ ಮಣ್ಣೂ ಹೋಗತ್ತೆ, ಮಿಲ್ಲಿನ ಬೆರಕೆನೂ ತಪ್ಪತ್ತೆ. ಗಿಡದೊಳಗೇ ಸೇರಿರೋ ಲೋಹ ಮಾತ್ರ ತೊಳೆದ್ರೆ ಹೋಗಲ್ಲ, ಅದಕ್ಕೆ ಬೆಳೆದ ಜಾಗವೇ ಮುಖ್ಯ.

ಈಗಾಗ್ಲೇ ಇಂಥ ಔಷಧಿ ತುಂಬಾ ದಿನದಿಂದ ತಗೊಳ್ತಿದ್ರೆ? ಸೀಸದ ಲಕ್ಷಣಗಳು ಹಾದಿ ತಪ್ಪಿಸೋ ಅಂಥವು, ಹೊಟ್ಟೆ ಹಿಂಡಿದಂಗೆ ನೋವು ಬರೋದು, ಮಲಬದ್ಧತೆ, ಸುಸ್ತು, ಬಾಯಿ ಒಂಥರಾ ಲೋಹದ ರುಚಿ, ಐರನ್ ಮಾತ್ರೆ ತಗೊಂಡ್ರೂ ಏರದ ಹಿಮೋಗ್ಲೋಬಿನ್, ಕೆಲವರಿಗೆ ಒಸಡಿನ ಅಂಚಲ್ಲಿ ನೀಲಿ ಗೆರೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಆಗಿ ಏನೂ ಸಿಗದೆ ಗ್ಯಾಸ್ಟ್ರಿಕ್ ಅಂತ ಕಳಿಸೋದೂ ಉಂಟು, ಮಲಬದ್ಧತೆಗೆ ಅಂತ ಅದೇ ಅಂಗಡಿಯಿಂದ ಇನ್ನೊಂದು ಔಷಧಿ ಶುರು ಮಾಡೋದೂ ಉಂಟು. ಡಾಕ್ಟ್ರ ಹತ್ರ ಹೋಗುವಾಗ ತಗೊಳ್ತಿರೋ ಎಲ್ಲ ಡಬ್ಬಿ, ಪೊಟ್ಟಣ ಚೀಲದಲ್ಲಿ ಹಾಕ್ಕೊಂಡು ಹೋಗಿ, ಬೈತಾರೇನೋ ಅಂತ ಮುಚ್ಚಿಡಬೇಡಿ, "ಬ್ಲಡ್ ಲೆಡ್ ಟೆಸ್ಟ್ ಮಾಡಿಸೋಣ್ವಾ ಸಾರ್" ಅಂತ ನೀವೇ ಕೇಳಿ. ಮಾಮೂಲಿ ರಕ್ತ ಪರೀಕ್ಷೇಲಿ ಸೀಸ ಗೊತ್ತಾಗಲ್ಲ, ಅದನ್ನ ಬೇರೆಯಾಗೇ ಬರೀಬೇಕು, ರಕ್ತ ತುಂಬೋ ಟ್ಯೂಬೂ ಬೇರೆ, ದೊಡ್ಡ ಲ್ಯಾಬ್‌ಗಳು ಸ್ಯಾಂಪಲ್ ಕಳಿಸಿ ಮಾಡಿಸ್ತಾವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಯಕ್ಕೇ ರಾಷ್ಟ್ರೀಯ ರೆಫರಲ್ ಕೇಂದ್ರ ಕಟ್ಟಿ ದೇಶದಲ್ಲೇ ಈ ಪರೀಕ್ಷೆ ಬಗ್ಗೆ ಅರಿವು ಮೂಡಿಸಿದ್ರು, ನಮ್ಮ ರಾಜ್ಯದ ಡಾಕ್ಟ್ರುಗಳಿಗೆ ಇದು ಪೂರ್ತಿ ಹೊಸ ವಿಷಯ ಏನಲ್ಲ.

ಜಾಸ್ತಿ ಬಂದ್ರೆ ಮೊದಲ ಚಿಕಿತ್ಸೆ ಆ ಔಷಧಿ ನಿಲ್ಲಿಸೋದು. ರಕ್ತದಲ್ಲಿರೋ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯತ್ತೆ, ಆದ್ರೆ ಅದರಲ್ಲಿ ತುಂಬಾ ಪಾಲು ಮೂಳೆಗೆ ಹೋಗಿ ವರ್ಷಗಟ್ಟಲೆ ಕೂತಿರತ್ತೆ, ಬಸುರಿಯಾದಾಗ ಮೂಳೆಯಿಂದ ಮತ್ತೆ ರಕ್ತಕ್ಕೆ ಬರತ್ತೆ, ಹಾಗಾಗಿ ಒಂದು ಸಲ ಕಮ್ಮಿ ಬಂತು ಅಂತ ಬಿಡದೆ ಡಾಕ್ಟ್ರು ಹೇಳಿದಷ್ಟು ಸಲ ಟೆಸ್ಟ್ ಮಾಡಿಸ್ಬೇಕು. ತುಂಬಾ ಜಾಸ್ತಿ ಇದ್ರೆ ಸೀಸವನ್ನ ಮೂತ್ರದಲ್ಲಿ ಹೊರಗೆ ಹಾಕೋ ಚೀಲೇಷನ್ ಔಷಧಿ ಇದೆ, ಅದು ಆಸ್ಪತ್ರೇಲಿ ಲೆಕ್ಕ ಹಾಕಿ ಕೊಡೋದು, ಆನ್‌ಲೈನಲ್ಲಿ ಡಿಟಾಕ್ಸ್ ಅಂತ ಮಾರೋದಲ್ಲ. ಸಕ್ಕರೆ ಕಾಯಿಲೆಗೋ ಬಿಪಿಗೋ ಆ ಪುಡಿ ಮೇಲೇ ಇದ್ದೋರು ನಿಲ್ಲಿಸೋ ದಿನವೇ ಡಾಕ್ಟ್ರಿಗೆ ಹೇಳಿ ಬದಲಿ ಔಷಧಿ ಶುರು ಮಾಡ್ಕೋಬೇಕು, ಇಲ್ಲಾಂದ್ರೆ ಸಕ್ಕರೆ ಏರಿ ಇನ್ನೊಂದು ತೊಂದ್ರೆ.

ಉಳಿದ ಮಾತ್ರೆಗಳನ್ನ ಬಿಸಾಕಬೇಡಿ. ಲೇಬಲ್, ಬಿಲ್ಲು, ಉಳಿದ ಮಾತ್ರೆ ಎಲ್ಲ ಒಂದು ಕವರಿಗೆ ಹಾಕಿ ಇಟ್ಕೊಂಡು, ಬ್ಲಡ್ ರಿಪೋರ್ಟಿನ ಕಾಪಿ ಜೊತೆ ಜಿಲ್ಲಾ ಆಯುಷ್ ಕಚೇರಿಗೆ ಬರವಣಿಗೇಲಿ ದೂರು ಕೊಡಿ. ಆಯುರ್ವೇದ ಔಷಧಿಗಳ ಅಡ್ಡಪರಿಣಾಮ ದಾಖಲಿಸೋಕೆ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕೇಂದ್ರ ಇದೆ, ಅದಕ್ಕೆ ರೋಗಿಗಳೂ ವರದಿ ಮಾಡಬಹುದು. ಅದೇ ಬ್ಯಾಚಿನ ಡಬ್ಬಿ ಇನ್ನೂ ಎಷ್ಟೋ ಮನೆಗಳಲ್ಲಿ ಇರತ್ತೆ, ಬ್ಯಾಚ್ ನಂಬರ್ ಕೊಟ್ರೆ ಮಾತ್ರ ಅಧಿಕಾರಿಗಳು ಅದನ್ನ ಹಿಂದಕ್ಕೆ ತರಿಸೋಕೆ ಸಾಧ್ಯ.